ಹಾಜರಾತಿ ಕೊರತೆಯ ಮನ್ನಾ ಮತ್ತು ಪರೀಕ್ಷಾ ಅರ್ಹತೆ

ಹಾಜರಾತಿ ಕೊರತೆಯ ಮನ್ನಾ ಎಂದರೆ ವಿದ್ಯಾರ್ಥಿಯೊಬ್ಬರ ಹಾಜರಾತಿಯು ಪರೀಕ್ಷೆಗೆ ನಿಗದಿಯಾದ ಕನಿಷ್ಠ ಪ್ರಮಾಣಕ್ಕಿಂತ ಕಡಿಮೆಯಾದಾಗ, ಅನಾರೋಗ್ಯದಂತಹ ಸಕಾರಣವನ್ನು ಪರಿಗಣಿಸಿ, ಆ ಕೊರತೆಯನ್ನು ಒಂದು ಮಿತಿಯವರೆಗೆ ಕ್ಷಮಿಸಿ ಪರೀಕ್ಷೆ ಬರೆಯಲು ಅನುಮತಿ ನೀಡುವ ಆಡಳಿತಾತ್ಮಕ ಕ್ರಮ. ಭಾರತದ ಹೆಚ್ಚಿನ ವಿಶ್ವವಿದ್ಯಾಲಯಗಳು ಮತ್ತು ಶಾಲಾ ಮಂಡಳಿಗಳು ಕನಿಷ್ಠ ಹಾಜರಾತಿಯನ್ನು ಕಡ್ಡಾಯಗೊಳಿಸಿದ್ದು, ಅದರ ಜೊತೆಗೇ ಮನ್ನಾ ಮಾಡುವ ಅಧಿಕಾರ ಯಾರದು, ಅದರ ಮಿತಿ ಎಷ್ಟು ಎಂಬುದನ್ನೂ ತಮ್ಮ ನಿಯಮಾವಳಿಗಳಲ್ಲಿ ಹೇಳಿರುತ್ತವೆ. ವೈದ್ಯಕೀಯ ರಜೆಯು ಮನ್ನಾಕ್ಕೆ ಅತಿ ಸಾಮಾನ್ಯವಾದ ಕಾರಣವಾಗಿದೆ.

ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಿದರೆ ಗೈರಾದ ದಿನಗಳು ಹಾಜರಿಯಾಗಿ ಬದಲಾಗುತ್ತವೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಮನ್ನಾ ಪದ್ಧತಿಯಲ್ಲಿ ಹಾಗಾಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಗೈರಾಗಿಯೇ ಉಳಿಯುತ್ತದೆ. ಆ ವಿದ್ಯಾರ್ಥಿಗೆ ಅನ್ವಯವಾಗುವ ಕನಿಷ್ಠ ಮಿತಿ ಮಾತ್ರ ಕೆಳಗಿಳಿಯುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೇ ಅನೇಕ ಸಂದರ್ಭಗಳಲ್ಲಿ ಅರ್ಹತೆಯನ್ನು ನಿರ್ಧರಿಸುತ್ತದೆ. ಈ ಲೇಖನದಲ್ಲಿ ಬೆಳಗಾವಿಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿತಾವಿ) ಎಂಜಿನಿಯರಿಂಗ್ ಪದವಿ ನಿಯಮವನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡು, ಕೊನೆಯಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ (ಸಿಬಿಎಸ್‌ಇ) ನಿಯಮದೊಂದಿಗೆ ಹೋಲಿಸಲಾಗಿದೆ.

## ಮೂಲ ಲೆಕ್ಕ

ಶೇಕಡಾವಾರು ಹಾಜರಾತಿಯನ್ನು ಈ ಸೂತ್ರದಿಂದ ಪಡೆಯಲಾಗುತ್ತದೆ:

ಹಾಜರಾತಿ (%) = (ಹಾಜರಾದ ತರಗತಿಗಳು ÷ ನಡೆದ ತರಗತಿಗಳು) × 100

ಇಲ್ಲಿ ಛೇದದಲ್ಲಿ ಬರುವುದು ವೇಳಾಪಟ್ಟಿಯಲ್ಲಿ ನಿಗದಿಯಾಗಿದ್ದ ತರಗತಿಗಳ ಸಂಖ್ಯೆಯಲ್ಲ, ವಾಸ್ತವವಾಗಿ ನಡೆದ ತರಗತಿಗಳ ಸಂಖ್ಯೆ. ಅಧ್ಯಾಪಕರು ರಜೆಯಲ್ಲಿದ್ದು ತರಗತಿ ನಡೆಯದಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚುವರಿ ತರಗತಿ ನಡೆದು ಹಾಜರಿ ದಾಖಲಾಗಿದ್ದರೆ ಅದು ಲೆಕ್ಕಕ್ಕೆ ಸೇರುತ್ತದೆ. ಒಂದೇ ಸೆಮಿಸ್ಟರ್‌ನಲ್ಲಿ ಒಂದು ವಿಷಯಕ್ಕೆ 50 ತರಗತಿಗಳೂ ಇನ್ನೊಂದಕ್ಕೆ 40 ತರಗತಿಗಳೂ ನಡೆದಿರಬಹುದಾದ್ದರಿಂದ ಛೇದವು ವಿಷಯದಿಂದ ವಿಷಯಕ್ಕೆ ಬೇರೆಯಾಗಿರುತ್ತದೆ.

ಲೆಕ್ಕದ ಅವಧಿಯನ್ನು ವಿಶ್ವವಿದ್ಯಾಲಯವು ಪ್ರಕಟಿಸುವ ಶೈಕ್ಷಣಿಕ ವೇಳಾಪಟ್ಟಿಯು ನಿರ್ಧರಿಸುತ್ತದೆ. ಮೊದಲ ಸೆಮಿಸ್ಟರ್‌ನ ವಿದ್ಯಾರ್ಥಿಗಳಿಗೆ ಮಾತ್ರ, ಸಿಇಟಿ ಹಂಚಿಕೆಯಂತೆ ಕಾಲೇಜಿಗೆ ಪ್ರವೇಶ ಪಡೆದ ದಿನದಿಂದ ಅವಧಿಯನ್ನು ಎಣಿಸಲಾಗುತ್ತದೆ. ಹಾಗಾಗಿ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕವರಿಗೆ ಅದಕ್ಕೂ ಮೊದಲು ನಡೆದ ತರಗತಿಗಳು ಗೈರೆಂದು ಪರಿಗಣಿತವಾಗುವುದಿಲ್ಲ.

## ವಿತಾವಿ ನಿಯಮ

ವಿತಾವಿ ಎಂಜಿನಿಯರಿಂಗ್ ನಿಯಮಾವಳಿಯ ಪ್ರಕಾರ ಪ್ರತಿ ಸೆಮಿಸ್ಟರ್ ಒಂದು ಘಟಕವಾಗಿದ್ದು, ವಿದ್ಯಾರ್ಥಿಯು ಪ್ರತಿಯೊಂದು ವಿಷಯದಲ್ಲಿಯೂ ಕನಿಷ್ಠ ಶೇ 85ರಷ್ಟು ಹಾಜರಾತಿ ಹೊಂದಿರಬೇಕು. ಸಕಾರಣವಿದ್ದಲ್ಲಿ, ಕಾಲೇಜಿನ ಪ್ರಾಂಶುಪಾಲರ ಶಿಫಾರಸಿನ ಮೇರೆಗೆ ಶೇ 10ರವರೆಗಿನ ಕೊರತೆಯನ್ನು ಕುಲಪತಿಗಳು ಮನ್ನಾ ಮಾಡಬಹುದು. ಅನಾರೋಗ್ಯ, ವಿಶ್ವವಿದ್ಯಾಲಯ ಮಟ್ಟದ ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆ, ವಿಚಾರ ಸಂಕಿರಣ, ಕಾರ್ಯಾಗಾರ, ಪ್ರಬಂಧ ಮಂಡನೆ ಮುಂತಾದವು ಇಂತಹ ಕಾರಣಗಳಾಗಿವೆ.

ಈ ನಿಯಮದಿಂದ ವಿದ್ಯಾರ್ಥಿಗಳು ಪ್ರತಿ ವಿಷಯದಲ್ಲಿ ಮೂರು ಗುಂಪುಗಳಾಗಿ ವಿಂಗಡವಾಗುತ್ತಾರೆ.

- ಶೇ 85 ಅಥವಾ ಹೆಚ್ಚು: ನೇರವಾಗಿ ಅರ್ಹರು. ಯಾವ ಅರ್ಜಿಯೂ ಬೇಕಿಲ್ಲ.
- ಶೇ 75 ಅಥವಾ ಹೆಚ್ಚು, ಆದರೆ ಶೇ 85ಕ್ಕಿಂತ ಕಡಿಮೆ: ಮನ್ನಾ ದೊರೆತರೆ ಮಾತ್ರ ಅರ್ಹರು. ಮನ್ನಾ ತಾನಾಗಿಯೇ ಸಿಗುವುದಿಲ್ಲ.
- ಶೇ 75ಕ್ಕಿಂತ ಕಡಿಮೆ: ಅನರ್ಹರು. ಕಾರಣ ಎಷ್ಟೇ ಗಂಭೀರವಾಗಿದ್ದರೂ ಈ ನಿಯಮದಡಿ ಮನ್ನಾ ಮಾಡಲು ಅವಕಾಶವಿಲ್ಲ.

ಶೇ 10ರ ಈ ಮಿತಿಯು ಎಲ್ಲ ಕಾರಣಗಳಿಗೂ ಸೇರಿ ಒಂದೇ ಆಗಿದೆ. ಕ್ರೀಡಾಕೂಟಕ್ಕೆ ಹೋಗಿ ಒಂದು ವಾರ, ಅನಾರೋಗ್ಯದಿಂದ ಎರಡು ವಾರ ತರಗತಿ ತಪ್ಪಿಸಿಕೊಂಡವರಿಗೆ ಕ್ರೀಡೆಗೊಂದು ಹತ್ತು, ಅನಾರೋಗ್ಯಕ್ಕೊಂದು ಹತ್ತು ಎಂದು ಎರಡು ಪ್ರತ್ಯೇಕ ರಿಯಾಯಿತಿಗಳು ದೊರೆಯುವುದಿಲ್ಲ.

## ಲೆಕ್ಕದಲ್ಲಿ ಮನ್ನಾ ಏನನ್ನು ಬದಲಿಸುತ್ತದೆ

ವೈದ್ಯಕೀಯ ರಜೆಯನ್ನು ಲೆಕ್ಕಕ್ಕೆ ತರಲು ಮೂರು ದಾರಿಗಳನ್ನು ಊಹಿಸಬಹುದು. ಒಂದು ವಿಷಯದಲ್ಲಿ 44 ತರಗತಿಗಳು ನಡೆದಿದ್ದು, ವಿದ್ಯಾರ್ಥಿನಿಯೊಬ್ಬಳು 32ಕ್ಕೆ ಹಾಜರಾಗಿ, ಅನಾರೋಗ್ಯದಿಂದ 8 ತರಗತಿಗಳಿಗೂ ಇತರ ಕಾರಣಗಳಿಂದ 4 ತರಗತಿಗಳಿಗೂ ಗೈರಾಗಿದ್ದಾಳೆ ಎಂದು ಭಾವಿಸೋಣ.

ಮೊದಲನೆಯ ದಾರಿಯಲ್ಲಿ ರಜೆಯ ತರಗತಿಗಳನ್ನು ಹಾಜರಾದ ತರಗತಿಗಳಿಗೆ ಕೂಡಿಸಲಾಗುತ್ತದೆ. ಆಗ ಹಾಜರಾತಿ 40 ÷ 44, ಅಂದರೆ ಶೇ 90.91 ಆಗುತ್ತದೆ.

ಎರಡನೆಯ ದಾರಿಯಲ್ಲಿ ರಜೆಯ ತರಗತಿಗಳು ಆಕೆಯ ಪಾಲಿಗೆ ನಡೆದೇ ಇಲ್ಲವೆಂದು ತಿಳಿದು ಛೇದದಿಂದ ಕಳೆಯಲಾಗುತ್ತದೆ. ಆಗ ಹಾಜರಾತಿ 32 ÷ 36, ಅಂದರೆ ಶೇ 88.89 ಆಗುತ್ತದೆ.

ಮೂರನೆಯ ದಾರಿಯಲ್ಲಿ ಅಂಶವನ್ನೂ ಛೇದವನ್ನೂ ಮುಟ್ಟುವುದಿಲ್ಲ. ಹಾಜರಾತಿ 32 ÷ 44, ಅಂದರೆ ಶೇ 72.73 ಆಗಿಯೇ ಉಳಿಯುತ್ತದೆ. ಅದನ್ನು ಶೇ 85ರ ಬದಲು ಶೇ 75ಕ್ಕೆ ಹೋಲಿಸಲಾಗುತ್ತದೆ.

ಮೊದಲೆರಡು ದಾರಿಗಳಲ್ಲಿ ಆಕೆ ಮನ್ನಾದ ಅಗತ್ಯವೇ ಇಲ್ಲದೆ ಅರ್ಹಳಾಗುತ್ತಾಳೆ. ಮೂರನೆಯದರಲ್ಲಿ ಮನ್ನಾ ಕೋರಲೂ ಆಗದಂತೆ ಅನರ್ಹಳಾಗುತ್ತಾಳೆ. ವಿತಾವಿ ನಿಯಮದ ಮಾತು ಮೂರನೆಯ ದಾರಿಯದು: ಅದು ಮನ್ನಾ ಮಾಡುವುದು ಕೊರತೆಯನ್ನು, ಗೈರನ್ನಲ್ಲ. ಕೊರತೆ ಎಂದರೆ ಶೇ 85ಕ್ಕೂ ವಾಸ್ತವ ಹಾಜರಾತಿಗೂ ಇರುವ ಅಂತರ. ಈ ವಿದ್ಯಾರ್ಥಿನಿಯ ಕೊರತೆ 12.27 ಅಂಶಗಳಷ್ಟಿದ್ದು ಅದು 10ನ್ನು ಮೀರಿದೆ.

ಮಿತಿಯನ್ನು ಹೀಗೆ ಇಟ್ಟಿರುವುದರ ಪರಿಣಾಮವೇನೆಂದರೆ, ಶೇ 85ರಿಂದ 100ರವರೆಗಿನ 15 ಅಂಶಗಳ ಸಡಿಲಿಕೆಯು ಸಣ್ಣಪುಟ್ಟ ಜ್ವರ, ಮನೆಯ ಕಾರ್ಯಗಳು ಇತ್ಯಾದಿಗಳಿಗೆಲ್ಲ ಸೇರಿ ಇದೆ. ಅದರ ಮೇಲಿನ 10 ಅಂಶಗಳು ವಿಶೇಷ ಕಾರಣಗಳಿಗೆ ಮೀಸಲಾಗಿವೆ. ಅನಾರೋಗ್ಯವು ಇವೆರಡರ ಮೊತ್ತವಾದ ನಾಲ್ಕನೆಯ ಒಂದು ಭಾಗದೊಳಗೆ ಹಿಡಿಸಬೇಕು. ಸೆಮಿಸ್ಟರ್‌ನ ಆರಂಭದಲ್ಲಿ ಕಾರಣವಿಲ್ಲದೆ ತಪ್ಪಿಸಿಕೊಂಡ ತರಗತಿಗಳು ಈ ಜಾಗವನ್ನು ಮೊದಲೇ ಬಳಸಿಕೊಂಡಿದ್ದರೆ, ಮುಂದೆ ಬರುವ ಅನಾರೋಗ್ಯಕ್ಕೆ ಉಳಿಯುವ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅನಾರೋಗ್ಯದ 8 ತರಗತಿಗಳು ಮಾತ್ರ ಶೇ 18.18ರಷ್ಟಾಗುತ್ತಿದ್ದು ಹಾಜರಾತಿ ಶೇ 81.82ರಲ್ಲಿ ನಿಲ್ಲುತ್ತಿತ್ತು. ಅದು ಮನ್ನಾದ ವ್ಯಾಪ್ತಿಯಲ್ಲಿಯೇ ಇತ್ತು. ಉಳಿದ 4 ತರಗತಿಗಳು ಅದನ್ನು ಹೊರಗೆ ತಳ್ಳಿವೆ.

ಕೆಲವು ಸಂಸ್ಥೆಗಳು ತಮ್ಮ ಸ್ವಂತ ನಿಯಮಗಳಲ್ಲಿ, ಗೈರಾದ ತರಗತಿಗಳನ್ನು ಒಂದು ಗರಿಷ್ಠ ಪ್ರಮಾಣದವರೆಗೆ ಹಾಜರಿಗೆ ಕೂಡಿಸುವ ಕ್ರಮ ಅನುಸರಿಸುತ್ತವೆ. ಆ ಗರಿಷ್ಠವು ನಡೆದ ತರಗತಿಗಳ ಶೇ 10 ಆಗಿದ್ದರೆ ಫಲಿತಾಂಶ ಮೂರನೆಯ ದಾರಿಗಿಂತ ಬೇರೆಯಾಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ 72.73ಕ್ಕೆ 10 ಕೂಡಿಸಿದರೆ 82.73 ಬರುತ್ತದೆ, ಅದು 85ಕ್ಕಿಂತ ಕಡಿಮೆ. ಹಾಜರಾತಿಗೆ ಹತ್ತು ಕೂಡಿಸುವುದೂ ಮಿತಿಯಿಂದ ಹತ್ತು ಕಳೆಯುವುದೂ ಒಂದೇ ಲೆಕ್ಕ. ಮಿತಿಯೇ ಇಲ್ಲದೆ ಕೂಡಿಸುವ ಪದ್ಧತಿಯಲ್ಲಿ ಉತ್ತರ ಬದಲಾಗುತ್ತದೆ. ಆದ್ದರಿಂದ ಯಾವುದೇ ಸಂಸ್ಥೆಯ ನಿಯಮವನ್ನು ಓದುವಾಗ, ರಜೆ ಮಂಜೂರಾಗುತ್ತದೆಯೇ ಎಂಬುದಕ್ಕಿಂತ ಮಂಜೂರಾದ ರಜೆ ಲೆಕ್ಕದ ಯಾವ ಸ್ಥಾನಕ್ಕೆ ಹೋಗುತ್ತದೆ, ಅದಕ್ಕೆ ಮಿತಿ ಇದೆಯೇ ಎಂಬುದನ್ನು ನೋಡಬೇಕಾಗುತ್ತದೆ.

## ಒಂದು ಪೂರ್ಣ ಉದಾಹರಣೆ

ಮೇಲಿನ ವಿದ್ಯಾರ್ಥಿನಿಯು ಮೂರನೆಯ ಸೆಮಿಸ್ಟರ್‌ನಲ್ಲಿ ಓದುತ್ತಿದ್ದು, ವಿಷಮಶೀತ ಜ್ವರದಿಂದ 14 ಕೆಲಸದ ದಿನಗಳು ಕಾಲೇಜಿಗೆ ಬರಲಾಗಲಿಲ್ಲವೆಂದು ಇಟ್ಟುಕೊಂಡರೆ, ಸೆಮಿಸ್ಟರ್‌ನ ಕೊನೆಯಲ್ಲಿ ಆಕೆಯ ಐದು ವಿಷಯಗಳ ಹಾಜರಿ ಹೀಗಿರಬಹುದು. ಇದು ಲೆಕ್ಕವನ್ನು ವಿವರಿಸಲು ರಚಿಸಿದ ಉದಾಹರಣೆಯಾಗಿದೆ.

| ವಿಷಯ | ನಡೆದವು | ಅನಾರೋಗ್ಯದ ಗೈರು | ಇತರ ಗೈರು | ಹಾಜರಿ | ಶೇಕಡಾ |
|---|---|---|---|---|---|
| ಗಣಿತ | 50 | 9 | 2 | 39 | 78.00 |
| ಡೇಟಾ ಸ್ಟ್ರಕ್ಚರ್ಸ್ | 48 | 8 | 0 | 40 | 83.33 |
| ಡಿಜಿಟಲ್ ಎಲೆಕ್ಟ್ರಾನಿಕ್ಸ್ | 40 | 6 | 0 | 34 | 85.00 |
| ಕಂಪ್ಯೂಟರ್ ಆರ್ಗನೈಸೇಷನ್ | 44 | 8 | 4 | 32 | 72.73 |
| ಪ್ರಯೋಗಾಲಯ | 14 | 3 | 0 | 11 | 78.57 |

ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಹಾಜರಾತಿ ನಿಖರವಾಗಿ ಶೇ 85 ಇರುವುದರಿಂದ ಆರು ತರಗತಿಗಳ ಅನಾರೋಗ್ಯವಿದ್ದರೂ ಮನ್ನಾದ ಅಗತ್ಯವಿಲ್ಲ. ನಿಯಮವು ಶೇ 85ಕ್ಕಿಂತ ಕಡಿಮೆ ಇರಬಾರದೆಂದು ಹೇಳುತ್ತದೆಯೇ ಹೊರತು ಅದಕ್ಕಿಂತ ಹೆಚ್ಚಿರಬೇಕೆಂದು ಹೇಳುವುದಿಲ್ಲ.

ಡೇಟಾ ಸ್ಟ್ರಕ್ಚರ್ಸ್‌ನಲ್ಲಿ 48ರ ಶೇ 85 ಎಂದರೆ 40.8. ತರಗತಿಗೆ ಭಾಗಶಃ ಹಾಜರಾಗಲು ಬಾರದಾದ್ದರಿಂದ ಬೇಕಾದದ್ದು 41 ತರಗತಿಗಳು. ಕೊರತೆ ಒಂದೇ ತರಗತಿಯದಾದರೂ ಅದು ಕೊರತೆಯೇ; ಅರ್ಜಿಯಲ್ಲಿ ಈ ವಿಷಯವನ್ನೂ ಸೇರಿಸಬೇಕಾಗುತ್ತದೆ.

ಗಣಿತದಲ್ಲಿ ನೇರ ಅರ್ಹತೆಗೆ 43 ತರಗತಿಗಳೂ ಮನ್ನಾದೊಂದಿಗೆ 38 ತರಗತಿಗಳೂ ಬೇಕು. ಆಕೆ 39ಕ್ಕೆ ಹಾಜರಾಗಿದ್ದಾಳೆ, ಹಾಗಾಗಿ ಮನ್ನಾ ಕೋರಬಹುದು.

ಪ್ರಯೋಗಾಲಯದಲ್ಲಿ ಒಟ್ಟು ಅವಧಿಗಳೇ ಕಡಿಮೆಯಿರುವುದರಿಂದ ಪ್ರತಿ ಗೈರಿನ ತೂಕ ಹೆಚ್ಚು. 14ರಲ್ಲಿ ಒಂದು ಗೈರು ಶೇ 7ಕ್ಕಿಂತ ಹೆಚ್ಚಾಗುತ್ತದೆ. 14ರ ಶೇ 75 ಎಂದರೆ 10.5, ಅಂದರೆ 11 ಅವಧಿಗಳು. ಆಕೆ ಮಿತಿಯ ಅಂಚಿನಲ್ಲಿದ್ದಾಳೆ. ಇನ್ನೊಂದು ಪ್ರಯೋಗಾಲಯ ತಪ್ಪಿದ್ದರೆ ಹಾಜರಾತಿ ಶೇ 71.43ಕ್ಕೆ ಇಳಿದು ಮನ್ನಾದ ವ್ಯಾಪ್ತಿಯಿಂದ ಹೊರಗಾಗುತ್ತಿತ್ತು.

ಕಂಪ್ಯೂಟರ್ ಆರ್ಗನೈಸೇಷನ್‌ನಲ್ಲಿ 44ರ ಶೇ 75 ಎಂದರೆ 33. ಆಕೆಯ ಹಾಜರಿ 32. ಒಂದು ತರಗತಿಯ ಕೊರತೆಯಿಂದ ಈ ವಿಷಯದಲ್ಲಿ ಅನರ್ಹಳಾಗುತ್ತಾಳೆ.

ಐದೂ ವಿಷಯಗಳನ್ನು ಒಟ್ಟುಗೂಡಿಸಿದರೆ 196ರಲ್ಲಿ 156 ತರಗತಿಗಳು, ಅಂದರೆ ಶೇ 79.59 ಬರುತ್ತದೆ. ಈ ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದವರಿಗೆ ಎಲ್ಲವೂ ಮನ್ನಾದ ವ್ಯಾಪ್ತಿಯಲ್ಲಿದೆ ಎಂದು ತೋರುತ್ತದೆ. ನಿಯಮವು ಪ್ರತಿ ವಿಷಯಕ್ಕೂ ಅನ್ವಯವಾಗುವುದರಿಂದ ಒಟ್ಟು ಸರಾಸರಿಗೆ ಅರ್ಹತೆಯ ನಿರ್ಧಾರದಲ್ಲಿ ಪಾತ್ರವಿಲ್ಲ.

## ಚೇತರಿಸಿಕೊಂಡು ಬಂದ ದಿನದ ಲೆಕ್ಕ

ಅರ್ಹತೆಯನ್ನು ಸೆಮಿಸ್ಟರ್‌ನ ಕೊನೆಯಲ್ಲಿ ಘೋಷಿಸಲಾಗುತ್ತದೆಯಾದರೂ, ಅದು ಸಾಧ್ಯವೇ ಎಂಬುದನ್ನು ಅನಾರೋಗ್ಯದಿಂದ ಹಿಂತಿರುಗಿದ ದಿನವೇ ಕಂಡುಕೊಳ್ಳಬಹುದು. ಅದಕ್ಕೆ ಈವರೆಗೆ ಆದ ಗೈರುಗಳ ಸಂಖ್ಯೆ ಮತ್ತು ಸೆಮಿಸ್ಟರ್‌ನಲ್ಲಿ ಒಟ್ಟು ನಡೆಯಬಹುದಾದ ತರಗತಿಗಳ ಸಂಖ್ಯೆ ಸಾಕು. ಮನ್ನಾ ಸೇರಿದಂತೆ ಅನುಮತಿಸಲಾದ ಗೈರು ಗರಿಷ್ಠ ನಾಲ್ಕನೆಯ ಒಂದು ಭಾಗವಾದ್ದರಿಂದ, ಗೈರುಗಳ ಸಂಖ್ಯೆಯನ್ನು 4ರಿಂದ ಗುಣಿಸಿದಾಗ ಬರುವ ಸಂಖ್ಯೆಯು ಒಟ್ಟು ತರಗತಿಗಳನ್ನು ಮೀರಬಾರದು.

ಕಂಪ್ಯೂಟರ್ ಆರ್ಗನೈಸೇಷನ್‌ನಲ್ಲಿ ಆಕೆ ಹಿಂತಿರುಗಿದಾಗ 30 ತರಗತಿಗಳು ನಡೆದಿದ್ದು, 12 ಗೈರುಗಳಾಗಿದ್ದವು ಎಂದುಕೊಳ್ಳೋಣ. 12 × 4 = 48. ಸೆಮಿಸ್ಟರ್‌ನಲ್ಲಿ 44 ತರಗತಿಗಳು ಮಾತ್ರ ನಡೆಯುವುದಾದರೆ, ಉಳಿದ 14ಕ್ಕೂ ತಪ್ಪದೆ ಹಾಜರಾದರೂ ಶೇ 75 ತಲುಪಲು ಸಾಧ್ಯವಿಲ್ಲವೆಂಬುದು ಅಂದೇ ತಿಳಿಯುತ್ತದೆ. ಆದರೆ ಅದೇ ಲೆಕ್ಕವು ಪರಿಹಾರವನ್ನೂ ತೋರಿಸುತ್ತದೆ. ಅಧ್ಯಾಪಕರು ಇಡೀ ತರಗತಿಗೆ 4 ಹೆಚ್ಚುವರಿ ಅವಧಿಗಳನ್ನು ತೆಗೆದುಕೊಂಡು, ಆಕೆ ಅವೆಲ್ಲಕ್ಕೂ ಹಾಜರಾದರೆ, ಹಾಜರಿ 36 ÷ 48, ಅಂದರೆ ನಿಖರವಾಗಿ ಶೇ 75 ಆಗುತ್ತದೆ.

ಒಂದೇ ಒಂದು ತರಗತಿಯ ಕೊರತೆಗೆ ನಾಲ್ಕು ಹೆಚ್ಚುವರಿ ತರಗತಿಗಳು ಬೇಕಾಗುವುದಕ್ಕೆ ಕಾರಣವಿದೆ. ಪ್ರತಿ ಹೆಚ್ಚುವರಿ ತರಗತಿಯು ಅಂಶವನ್ನು ಒಂದರಷ್ಟು ಹೆಚ್ಚಿಸುವಂತೆಯೇ ಛೇದವನ್ನೂ ಒಂದರಷ್ಟು ಹೆಚ್ಚಿಸುತ್ತದೆ. ಅದರಿಂದ ಬೇಕಾದ ಹಾಜರಿಯೂ 0.75ರಷ್ಟು ಏರುತ್ತದೆ. ನಿವ್ವಳ ಲಾಭ ಕಾಲು ತರಗತಿಯಷ್ಟೇ. ಶೇ 85ರ ಮಿತಿಗೆ ಹೋಲಿಸಿದರೆ ಈ ಲಾಭ 0.15ಕ್ಕೆ ಇಳಿಯುವುದರಿಂದ ಒಂದು ತರಗತಿಯ ಕೊರತೆ ತುಂಬಲು 7 ಹೆಚ್ಚುವರಿ ತರಗತಿಗಳು ಬೇಕಾಗುತ್ತವೆ. ಸೆಮಿಸ್ಟರ್‌ನ ಕೊನೆಯ ವಾರದಲ್ಲಿ ಇದನ್ನು ಹೊಂದಿಸುವುದು ಕಷ್ಟ, ಮಧ್ಯದಲ್ಲಿ ಸಾಧ್ಯ. ವಿದ್ಯಾರ್ಥಿಗಳಿಗೆ ಅವರ ಹಾಜರಾತಿಯ ಸ್ಥಿತಿಯನ್ನು ಕಾಲೇಜು ಕಾಲಕಾಲಕ್ಕೆ ತಿಳಿಸಿ, ಕೊರತೆಯನ್ನು ಸರಿದೂಗಿಸಿಕೊಳ್ಳಲು ಎಚ್ಚರಿಸಬೇಕೆಂದು ನಿಯಮಾವಳಿ ಹೇಳುವುದು ಇದಕ್ಕಾಗಿಯೇ. ಹೆಚ್ಚುವರಿ ತರಗತಿಗಳು ಶೈಕ್ಷಣಿಕ ವೇಳಾಪಟ್ಟಿಯ ಅವಧಿಯೊಳಗೆ ನಡೆದು ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ ದಾಖಲಾಗಿರಬೇಕು. ಒಬ್ಬರಿಗಾಗಿ ಹಾಜರಿಯನ್ನು ಮಾತ್ರ ಹೆಚ್ಚಿಸಿ ಒಟ್ಟು ತರಗತಿಗಳನ್ನು ಹಾಗೆಯೇ ಬಿಡುವುದು ದಾಖಲೆಯ ತಿದ್ದುವಿಕೆಯಾಗುತ್ತದೆ.

## ಮನ್ನಾಕ್ಕೆ ಅರ್ಜಿ

ಮನ್ನಾದ ಪ್ರಕ್ರಿಯೆ ವಿದ್ಯಾರ್ಥಿಯ ಅರ್ಜಿಯಿಂದ ಆರಂಭವಾಗಿ, ವಿಭಾಗದ ಮುಖ್ಯಸ್ಥರ ಪರಿಶೀಲನೆಯ ನಂತರ ಪ್ರಾಂಶುಪಾಲರ ಶಿಫಾರಸಿನೊಂದಿಗೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಶಿಫಾರಸು ಮಾಡುವವರು ಪ್ರಾಂಶುಪಾಲರು, ಮನ್ನಾ ಮಾಡುವವರು ಕುಲಪತಿಗಳು. ಕಾಲೇಜಿನ ಕಚೇರಿ ಅರ್ಜಿಯನ್ನು ಸ್ವೀಕರಿಸಿದ ಮಾತ್ರಕ್ಕೆ ಮನ್ನಾ ದೊರೆತಂತಾಗುವುದಿಲ್ಲ.

ಅರ್ಜಿಯೊಂದಿಗೆ ನೋಂದಾಯಿತ ವೈದ್ಯರ ಪ್ರಮಾಣಪತ್ರ, ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಬಿಡುಗಡೆ ಪತ್ರ, ಪರೀಕ್ಷಾ ವರದಿಗಳು ಹಾಗೂ ಮತ್ತೆ ತರಗತಿಗೆ ಹಾಜರಾಗಲು ಯೋಗ್ಯರೆಂದು ತಿಳಿಸುವ ದೃಢೀಕರಣ ಪತ್ರಗಳನ್ನು ಇಡುವುದು ರೂಢಿ. ಇವುಗಳಲ್ಲಿ ಪರಿಶೀಲಕರು ಮುಖ್ಯವಾಗಿ ನೋಡುವುದು ದಿನಾಂಕಗಳನ್ನು. ಪ್ರಮಾಣಪತ್ರದ ದಿನಾಂಕಗಳು ಹಾಜರಿ ಪುಸ್ತಕದ ಗೈರುಗಳೊಂದಿಗೆ ಹೊಂದಬೇಕು. ವಿಶ್ರಾಂತಿಯಲ್ಲಿದ್ದರೆಂದು ಪ್ರಮಾಣಪತ್ರ ಹೇಳುವ ದಿನವೇ ಪ್ರಯೋಗಾಲಯದಲ್ಲಿ ಹಾಜರಿ ದಾಖಲಾಗಿದ್ದರೆ ಇಡೀ ಪ್ರಮಾಣಪತ್ರ ಸಂಶಯಕ್ಕೆ ಒಳಗಾಗುತ್ತದೆ. ಸೆಮಿಸ್ಟರ್ ಮುಗಿದ ಮೇಲೆ ಹಿಂದಿನ ದಿನಾಂಕಗಳಿಗೆ ಪಡೆದ ಪ್ರಮಾಣಪತ್ರಕ್ಕಿಂತ, ಹಿಂತಿರುಗಿದ ಕೂಡಲೇ ಸಲ್ಲಿಸಿ ಸ್ವೀಕೃತಿ ಪಡೆದದ್ದಕ್ಕೆ ಹೆಚ್ಚಿನ ಬೆಲೆಯಿರುತ್ತದೆ.

ಪ್ರಮಾಣಪತ್ರವು ಕೊರತೆಯನ್ನು ನಿಜವಾಗಿಯೂ ವಿವರಿಸುತ್ತದೆಯೇ ಎಂಬುದನ್ನು ಪರೀಕ್ಷಿಸಲು ಒಂದು ಸರಳ ಲೆಕ್ಕವಿದೆ. ಅನಾರೋಗ್ಯವಾಗದಿದ್ದರೆ ವಿದ್ಯಾರ್ಥಿಯು ಶೇ 85 ತಲುಪುತ್ತಿದ್ದರೇ ಎಂದು ನೋಡುವುದು. 50 ತರಗತಿಗಳಲ್ಲಿ 38ಕ್ಕೆ ಹಾಜರಾಗಿ, ಅನಾರೋಗ್ಯದಿಂದ 2ಕ್ಕೆ ಮಾತ್ರ ಗೈರಾದವರ ಹಾಜರಾತಿ ಶೇ 76. ಅದು ಮನ್ನಾದ ವ್ಯಾಪ್ತಿಯಲ್ಲಿದೆ. ಆದರೆ ಆ 2 ತರಗತಿಗಳನ್ನು ಕೂಡಿಸಿದರೂ 40 ÷ 50, ಅಂದರೆ ಶೇ 80 ಮಾತ್ರ. ಇಲ್ಲಿ ಕೊರತೆಗೆ ಅನಾರೋಗ್ಯವೇ ಕಾರಣವೆಂದು ಶಿಫಾರಸು ಮಾಡಲು ಆಧಾರ ಸಾಲದು. ಇದಕ್ಕೆ ವ್ಯತಿರಿಕ್ತವಾಗಿ, ಮೇಲಿನ ವಿದ್ಯಾರ್ಥಿನಿಯು ಕಂಪ್ಯೂಟರ್ ಆರ್ಗನೈಸೇಷನ್‌ನಲ್ಲಿ ಅನಾರೋಗ್ಯವಾಗದಿದ್ದರೆ ಶೇ 90.91 ತಲುಪುತ್ತಿದ್ದಳು. ಕಾರಣ ನಿಜವಾಗಿದ್ದರೂ ಪ್ರಮಾಣ ಮಿತಿ ಮೀರಿದ್ದರಿಂದ ಆಕೆಗೆ ಮನ್ನಾ ಸಿಗುವುದಿಲ್ಲ. ಹೀಗೆ ಮನ್ನಾಕ್ಕೆ ಎರಡು ಪ್ರತ್ಯೇಕ ಷರತ್ತುಗಳಿವೆ: ಹಾಜರಾತಿ ಶೇ 75ಕ್ಕಿಂತ ಕಡಿಮೆಯಿರಬಾರದು, ಮತ್ತು ಕೊರತೆಗೆ ತೋರಿಸಿದ ಕಾರಣ ಒಪ್ಪುವಂತಿರಬೇಕು. ಒಂದು ಇನ್ನೊಂದರ ಸ್ಥಾನ ತುಂಬುವುದಿಲ್ಲ.

## ಲೆಕ್ಕದಲ್ಲಿ ಆಗುವ ತಪ್ಪುಗಳು

ಪೂರ್ಣಾಂಕಕ್ಕೆ ಹೊಂದಿಸುವುದು. 39 ತರಗತಿಗಳಲ್ಲಿ 33ಕ್ಕೆ ಹಾಜರಾದರೆ ಶೇ 84.615 ಬರುತ್ತದೆ. ದಶಮಾಂಶ ತೋರಿಸದ ತಂತ್ರಾಂಶದಲ್ಲಿ ಇದು 85 ಎಂದು ಕಾಣಿಸುತ್ತದೆ. ವಿದ್ಯಾರ್ಥಿಯು ತಾನು ಅರ್ಹನೆಂದು ತಿಳಿದು ಅರ್ಜಿ ಸಲ್ಲಿಸದೆ ಇದ್ದು, ಕೊರತೆಯುಳ್ಳವರ ಪಟ್ಟಿಯಲ್ಲಿ ಹೆಸರು ಬಂದಾಗಲಷ್ಟೇ ತಿಳಿಯುವ ಸಂದರ್ಭ ಇದರಿಂದ ಉಂಟಾಗುತ್ತದೆ. ಭಾಗಾಕಾರವನ್ನೇ ಮಾಡದೆ ಗುಣಿಸಿ ಹೋಲಿಸಿದರೆ ಈ ತಪ್ಪು ಆಗುವುದಿಲ್ಲ. ಹಾಜರಿಯನ್ನು 100ರಿಂದಲೂ ನಡೆದ ತರಗತಿಗಳನ್ನು 85ರಿಂದಲೂ ಗುಣಿಸಬೇಕು. ಇಲ್ಲಿ 3300 ಮತ್ತು 3315 ಬರುತ್ತವೆ. ಮೊದಲನೆಯದು ಕಡಿಮೆಯಿರುವುದರಿಂದ ಕೊರತೆ ಇದೆ. ಸ್ಪ್ರೆಡ್‌ಶೀಟ್‌ನಲ್ಲಿ ಹಾಜರಿ `B2` ಕೋಶದಲ್ಲಿಯೂ ನಡೆದ ತರಗತಿಗಳು `C2` ಕೋಶದಲ್ಲಿಯೂ ಇದ್ದರೆ ಸೂತ್ರ ಹೀಗಿರುತ್ತದೆ:

```
=IF(100*B2>=85*C2,"ಅರ್ಹ",IF(100*B2>=75*C2,"ಮನ್ನಾ ಬೇಕು","ಅನರ್ಹ"))
```

ಶೇ 10ರ ಅರ್ಥ. ಹತ್ತು ಶೇಕಡಾ ಅಂಶಗಳನ್ನು ಕಳೆಯುವುದೂ ಒಂದು ಸಂಖ್ಯೆಯ ಶೇ 10ನ್ನು ಕಳೆಯುವುದೂ ಬೇರೆ ಬೇರೆ. 85ರಿಂದ ಹತ್ತು ಅಂಶ ಕಳೆದರೆ 75. 85ರ ಶೇ 10 ಆದ 8.5ನ್ನು ಕಳೆದರೆ 76.5. ಮನ್ನಾದ ಮಿತಿಯೆಂದು ಬಳಕೆಯಲ್ಲಿರುವುದು ಶೇ 75.

ದಿನಗಳನ್ನು ತರಗತಿಗಳೆಂದು ಎಣಿಸುವುದು. 90 ಕೆಲಸದ ದಿನಗಳಲ್ಲಿ 14 ದಿನ ಗೈರಾದವರು ತಮ್ಮ ಹಾಜರಾತಿ ಶೇ 84ರಷ್ಟಿದೆ ಎಂದು ಅಂದಾಜಿಸಬಹುದು. ಆದರೆ ಆ 14 ದಿನಗಳಲ್ಲಿ ಒಂದು ವಿಷಯದ ಎಷ್ಟು ತರಗತಿಗಳು ನಡೆದವು ಎಂಬುದು ವೇಳಾಪಟ್ಟಿಯನ್ನು ಅವಲಂಬಿಸಿದೆ. ಮೇಲಿನ ಪಟ್ಟಿಯಲ್ಲಿ ಅದೇ 14 ದಿನಗಳ ಗೈರು ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಶೇ 15ರಷ್ಟಾದರೆ ಪ್ರಯೋಗಾಲಯದಲ್ಲಿ ಶೇ 21ಕ್ಕಿಂತ ಹೆಚ್ಚಾಗಿದೆ.

## ಸಿಬಿಎಸ್‌ಇ ನಿಯಮದೊಂದಿಗೆ ಹೋಲಿಕೆ

ಸಿಬಿಎಸ್‌ಇ ಪರೀಕ್ಷಾ ಉಪನಿಯಮಗಳಂತೆ 10 ಮತ್ತು 12ನೇ ತರಗತಿಯ ಪರೀಕ್ಷೆಗೆ ಶೇ 75ರಷ್ಟು ಹಾಜರಾತಿ ಬೇಕು. ಅವಧಿಯನ್ನು ತರಗತಿ ಆರಂಭವಾದ ದಿನದಿಂದ, ಪರೀಕ್ಷೆ ಆರಂಭವಾಗುವ ತಿಂಗಳ ಹಿಂದಿನ ತಿಂಗಳ 1ನೇ ತಾರೀಖಿನವರೆಗೆ ಎಣಿಸಲಾಗುತ್ತದೆ. ಪರೀಕ್ಷೆ ಫೆಬ್ರವರಿಯಲ್ಲಿ ಆರಂಭವಾಗುವುದಾದರೆ ಜನವರಿ 1ರವರೆಗಿನ ಹಾಜರಾತಿ ಲೆಕ್ಕಕ್ಕೆ ಬರುತ್ತದೆ. ಮಂಡಳಿಯ ಅಧ್ಯಕ್ಷರು ಶೇ 15ರವರೆಗಿನ ಕೊರತೆಯನ್ನು ಮನ್ನಾ ಮಾಡಬಹುದು. ದೀರ್ಘಕಾಲದ ಅನಾರೋಗ್ಯ, ತಂದೆ ಅಥವಾ ತಾಯಿಯ ಮರಣ ಹಾಗೂ ಅಂತಹುದೇ ಗಂಭೀರ ಸಂದರ್ಭಗಳು, ಅಧಿಕೃತ ಕ್ರೀಡಾಕೂಟಗಳಲ್ಲಿ ಭಾಗವಹಿಸುವಿಕೆ ಮುಂತಾದವು ಇದಕ್ಕೆ ಕಾರಣಗಳಾಗಬಹುದು.

ಅಂದರೆ ಸಾಮಾನ್ಯವಾಗಿ ಕೆಳಮಿತಿ ಶೇ 60. ಶಾಲೆಯು 200 ದಿನಗಳು ನಡೆದಿದ್ದರೆ ನೇರ ಅರ್ಹತೆಗೆ 150 ದಿನಗಳೂ ಮನ್ನಾದೊಂದಿಗೆ 120 ದಿನಗಳೂ ಬೇಕು. ವಿತಾವಿ ನಿಯಮಕ್ಕಿಂತ ಇದು ಭಿನ್ನವಾಗುವುದು ಕೆಳಮಿತಿಯ ಕೆಳಗೆ. ಕ್ಯಾನ್ಸರ್, ಏಡ್ಸ್, ಕ್ಷಯ ಅಥವಾ ಅವುಗಳಷ್ಟೇ ಗಂಭೀರವಾದ, ದೀರ್ಘಕಾಲ ಆಸ್ಪತ್ರೆಯಲ್ಲಿರಬೇಕಾದ ಕಾಯಿಲೆಗಳಿಂದ ಹಾಜರಾತಿ ಶೇ 60ಕ್ಕಿಂತ ಕಡಿಮೆಯಾದ ಪ್ರಕರಣಗಳನ್ನು ಅಪವಾದವಾಗಿ ಪರಿಗಣಿಸಲು ಅಧ್ಯಕ್ಷರಿಗೆ ಅವಕಾಶವಿದೆ. ಒಂದು ನಿಯಮದಲ್ಲಿ ಕಾರಣದ ಗಾಂಭೀರ್ಯವು ಮಿತಿಯನ್ನು ಸಡಿಲಿಸಬಲ್ಲದು, ಇನ್ನೊಂದರಲ್ಲಿ ಸಡಿಲಿಸಲಾರದು. ಶಿಫಾರಸನ್ನು ಶಾಲೆಯ ಮುಖ್ಯಸ್ಥರು ಪರೀಕ್ಷೆ ಆರಂಭವಾಗುವುದಕ್ಕೆ ಮೂರು ವಾರಗಳ ಮೊದಲೇ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕಳುಹಿಸಬೇಕೆಂದು ಉಪನಿಯಮ ಹೇಳುತ್ತದೆ.

## ಮನ್ನಾದ ವ್ಯಾಪ್ತಿ

ಮನ್ನಾವು ಹಾಜರಾತಿಗೆ ಮಾತ್ರ ಸಂಬಂಧಿಸಿದ್ದು, ಪರೀಕ್ಷಾ ಅರ್ಹತೆಯ ಇತರ ಷರತ್ತುಗಳನ್ನು ಬದಲಿಸುವುದಿಲ್ಲ. ವಿತಾವಿಯ 2021ರ ಯೋಜನೆಯಲ್ಲಿ ಸೆಮಿಸ್ಟರ್ ಅಂತ್ಯದ ಪರೀಕ್ಷೆ ಬರೆಯಲು ನಿರಂತರ ಆಂತರಿಕ ಮೌಲ್ಯಮಾಪನದಲ್ಲಿ ಶೇ 40ರಷ್ಟು ಅಂಕಗಳನ್ನೂ ಪಡೆದಿರಬೇಕು. ಅನಾರೋಗ್ಯದ ದಿನಗಳಲ್ಲಿ ಆಂತರಿಕ ಪರೀಕ್ಷೆಯೊಂದು ತಪ್ಪಿಹೋಗಿದ್ದರೆ, ಹಾಜರಾತಿಗೆ ಮನ್ನಾ ದೊರೆತರೂ ಆ ಅಂಕಗಳು ತಾನಾಗಿಯೇ ಬರುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ, ವಿಷಯದ ಅಧ್ಯಾಪಕರ ಮೂಲಕ ಮನವಿ ಮಾಡಿಕೊಳ್ಳಬೇಕಾಗುತ್ತದೆ.

ಅನರ್ಹತೆಯ ಪರಿಣಾಮವು ವಿದ್ಯಾರ್ಥಿ ಯಾವ ಯೋಜನೆಯಡಿ ಪ್ರವೇಶ ಪಡೆದಿದ್ದಾರೆ ಎಂಬುದನ್ನು ಅವಲಂಬಿಸಿರುತ್ತದೆ. ವಿತಾವಿಯ ಹಳೆಯ ಯೋಜನೆಗಳಲ್ಲಿ ಒಂದೇ ವಿಷಯದಲ್ಲಿ ಹಾಜರಾತಿ ಕೊರತೆಯಾದರೂ ಇಡೀ ಸೆಮಿಸ್ಟರನ್ನು ಮತ್ತೆ ಓದಬೇಕಿತ್ತು ಮತ್ತು ಮುಂದಿನ ಸೆಮಿಸ್ಟರ್‌ಗೆ ಪ್ರವೇಶವಿರಲಿಲ್ಲ. ಅಂತಹ ಯೋಜನೆಯಲ್ಲಿ ಮೇಲಿನ ಉದಾಹರಣೆಯ ವಿದ್ಯಾರ್ಥಿನಿಯು ಕಂಪ್ಯೂಟರ್ ಆರ್ಗನೈಸೇಷನ್‌ನ ಒಂದು ತರಗತಿಯ ಕೊರತೆಯಿಂದ ಉಳಿದ ನಾಲ್ಕು ವಿಷಯಗಳ ಪರೀಕ್ಷೆಯನ್ನೂ ಕಳೆದುಕೊಳ್ಳುತ್ತಿದ್ದಳು. ಹಾಗಾಗಿ ಅರ್ಹತೆಯನ್ನು ಲೆಕ್ಕ ಹಾಕುವಾಗ ಶೇಕಡಾವಾರಿನ ಜೊತೆಗೆ, ತಾನು ಪ್ರವೇಶ ಪಡೆದ ವರ್ಷದ ನಿಯಮಾವಳಿಯಲ್ಲಿ ಕೊರತೆಯ ಪರಿಣಾಮವು ಒಂದು ವಿಷಯಕ್ಕೆ ಸೀಮಿತವೇ ಅಥವಾ ಇಡೀ ಸೆಮಿಸ್ಟರ್‌ಗೆ ಅನ್ವಯವಾಗುತ್ತದೆಯೇ ಎಂಬುದನ್ನೂ ಓದಿಕೊಳ್ಳಬೇಕಾಗುತ್ತದೆ.